ಸುತ್ತು ಮೆಟ್ಟಿಲಿನ ಹ್ಯಾಂಡ್‌ರೇಲ್ ಮೇಲೇರುತ್ತಾ ಯಾಕೆ ವಾಲುತ್ತದೆ?

ಪ್ರಶ್ನೆ: ಸರ್, ನಮ್ಮದು ಯಾದಗಿರಿಯಲ್ಲಿ ಸಣ್ಣ ಫ್ಯಾಬ್ರಿಕೇಷನ್ ಅಂಗಡಿ. ಒಂದು ಮನೆಯ ಸುತ್ತು ಮೆಟ್ಟಿಲಿಗೆ ತೇಗದ ಹ್ಯಾಂಡ್‌ರೇಲ್ ಮಾಡಬೇಕು. 18 ಏರು, ಒಂದೊಂದು 175 ಮಿಮೀ, ಒಂದು ಪಾವಟಿಗೆಗೆ 10 ಡಿಗ್ರಿ ತಿರುವು. ಹೊರಗಿನ ರೇಲಿನ ತ್ರಿಜ್ಯ 1950. ಮರದ ಅಳತೆ 60 ಅಗಲ, 50 ಎತ್ತರ, ಕೆಳಗೆ ಫ್ಲಾಟ್ ಪಟ್ಟಿ ಬರುತ್ತದೆ. ರೈನೋ ಅನ್ನುವ 3ಡಿ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಮೊದಲು `Sweep1` ಮಾಡಿದೆ, ಮೇಲೆ ಹೋಗುತ್ತಾ ರೇಲ್ ಒಳಗೆ ಮಗುಚಿತು. ಹಿಡಿದಿಡಲಿ ಅಂತ ಎರಡು ಅಂಚಿಗೂ ಗೈಡ್ ಎಳೆದೆ. ಎರಡಕ್ಕೂ ಒಂದೇ 27.2 ಡಿಗ್ರಿ ಇಳಿಜಾರು ಕೊಟ್ಟು `Sweep2` ಮಾಡಿದೆ. ಈಗಲೂ ಒಳಗೇ ವಾಲಿದೆ, ಸಾಲದ್ದಕ್ಕೆ 60 ಇದ್ದ ಅಗಲ ಕೊನೆಯಲ್ಲಿ 109 ಆಗಿದೆ, ಎತ್ತರ 91. `Maintain height` ಹಾಕಿದರೆ ಎತ್ತರ ನಿಂತಿತು, ಅಗಲ ನಿಲ್ಲಲಿಲ್ಲ. ಫೈಲನ್ನು ಹೈದರಾಬಾದಿನ ಸಿಎನ್‌ಸಿಯವರಿಗೆ ಕಳಿಸಬೇಕು. ಗೈಡ್ ಜಾಸ್ತಿ ಮಾಡಬೇಕಾ? ಸಾಫ್ಟ್‌ವೇರ್ ತಪ್ಪಾ?

ಉತ್ತರ: ಗೈಡ್ ಜಾಸ್ತಿ ಮಾಡಬೇಡಿ. ಇರುವ ಎರಡೇ ತಪ್ಪು ಹೇಳುತ್ತಿವೆ. ಮೂರನೆಯದು ಬಂದರೆ ಜಗಳ ಇನ್ನೂ ದೊಡ್ಡದಾಗುತ್ತದೆ. ಸಾಫ್ಟ್‌ವೇರ್ ಎರಡು ಸಲವೂ ನೀವು ಹೇಳಿದ್ದನ್ನೇ ಮಾಡಿದೆ. ಒಳಗೆ ವಾಲಿದ್ದು ಎರಡರಲ್ಲೂ ಒಂದೇ ಥರ ಕಂಡರೂ ಕಾರಣ ಬೇರೆ ಬೇರೆ. ಒಂದೊಂದಾಗಿ ನೋಡೋಣ.

ಮೊದಲು `Sweep1`. ಮರದ ಅಡ್ಡಕೊಯ್ತದ ಆಕಾರವನ್ನು, ಅಂದರೆ ಪ್ರೊಫೈಲನ್ನು, ಒಂದು ಗೆರೆಯ ದಾರಿಯುದ್ದಕ್ಕೂ ಸಾಗಿಸುವ ಕಮಾಂಡ್ ಅದು. ನಮ್ಮಲ್ಲಿ ಬಹಳ ಜನ ನಂಬಿರುವ ಮಾತೊಂದಿದೆ: ಒಳ್ಳೆಯ ಹ್ಯಾಂಡ್‌ರೇಲ್‌ನಲ್ಲಿ ತಿರುಚು ಇರಬಾರದು, ತಿರುಚು ಬಂದರೆ ಕೆಲಸ ಕೆಟ್ಟಿತು. ನೇರ ಮೆಟ್ಟಿಲಿಗೆ ಇದು ನಿಜ. ಸುತ್ತಿ ಏರುವ ಮೆಟ್ಟಿಲಿಗೆ ಪೂರ್ತಿ ಉಲ್ಟಾ. ಅಲ್ಲಿ ಮರದ ಮೇಲ್ಮೈ ಕೆಳಗಿನಿಂದ ಮೇಲಿನವರೆಗೆ ಅಡ್ಡಕ್ಕೆ ಮಟ್ಟವಾಗಿ ಇರಬೇಕಾದರೆ ಮರ ತನ್ನ ಉದ್ದದ ಸುತ್ತ ತಿರುಚಿಕೊಳ್ಳಲೇಬೇಕು. ತಿರುಚದೇ ಇದ್ದರೆ ವಾಲುತ್ತದೆ.

ನಂಬಿಕೆ ಬರದಿದ್ದರೆ ಅಂಗಡಿಯಲ್ಲೇ ನೋಡಿ. ಸ್ವಲ್ಪ ಗಟ್ಟಿಯಾದ ಹೋಸ್ ಪೈಪ್ ತಗೊಳ್ಳಿ. ಅದನ್ನು ನೇರ ಹಾಸಿ, ಬೆನ್ನ ಮೇಲೆ ಉದ್ದಕ್ಕೂ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಈಗ ನೀರಿನ ಡ್ರಮ್ಮಿನ ಸುತ್ತ ಕೆಳಗಿನಿಂದ ಓರೆಯಾಗಿ ಮೇಲಕ್ಕೆ ಸುತ್ತಿ. ಸುತ್ತುವಾಗ ಕೈಯಿಂದ ತಿರುಚಬೇಡಿ, ಸುಮ್ನೆ ಅದು ಹೋದಂತೆ ಬಿಡಿ. ಕೆಳಗೆ ಆಕಾಶ ನೋಡುತ್ತಿದ್ದ ಗೆರೆ ಅರ್ಧ ಸುತ್ತು ಕಳೆಯುವಷ್ಟರಲ್ಲಿ ಡ್ರಮ್ಮಿನ ಕಡೆಗೆ ವಾಲಿರುತ್ತದೆ. ನಿಮ್ಮ ರೇಲ್ ಒಳಗೆ ಮಗುಚಿದ್ದೂ ಹೀಗೆಯೇ. `Sweep1` ತೆರೆದಾಗ ಸಾಮಾನ್ಯವಾಗಿ `Freeform` ಅನ್ನುವ ಶೈಲಿ ಆಯ್ಕೆಯಾಗಿರುತ್ತದೆ. ಅದು ಪ್ರೊಫೈಲನ್ನು ದಾರಿಗೆ ಒಂದೇ ಕೋನದಲ್ಲಿ ಇಟ್ಟು, ಬೇಡದ ತಿರುಚು ಕೊಡದೆ ಸಾಗಿಸುತ್ತದೆ. ನೆಲ ಯಾವ ಕಡೆ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಎಷ್ಟು ವಾಲುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ನೀವು ಮೆಟ್ಟಿಲು ಹತ್ತುವಾಗ ನೆಟ್ಟಗಿನ ಗೆರೆಯೊಂದರ ಸುತ್ತ ತಿರುಗುತ್ತೀರಿ ಅಲ್ವಾ? ಆ ತಿರುವು ರೇಲಿನ ಪಾಲಿಗೆ ಎರಡು ಭಾಗವಾಗುತ್ತದೆ. ಒಂದು ಭಾಗ ರೇಲನ್ನು ಬಗ್ಗಿಸುತ್ತದೆ, ಇನ್ನೊಂದು ಭಾಗ ರೇಲನ್ನು ತನ್ನ ಉದ್ದದ ಸುತ್ತ ತಿರುಚುತ್ತದೆ. ಏರೇ ಇಲ್ಲದ ಬಳೆಯಂಥ ರೇಲಿನಲ್ಲಿ ಎಲ್ಲಾ ಬಗ್ಗುವಿಕೆಯೇ, ತಿರುಚು ಸೊನ್ನೆ. ಏರು ಹೆಚ್ಚಾದಂತೆ ತಿರುಚಿನ ಪಾಲು ಹೆಚ್ಚುತ್ತದೆ. ಆ ಪಾಲು ಇಳಿಜಾರಿನ ಸೈನ್. ನಿಮ್ಮ ಮೆಟ್ಟಿಲಿನಲ್ಲಿ ಮೊದಲ ಪಾವಟಿಗೆಯ ಮೂಗಿನಿಂದ, ಅಂದರೆ ಅದರ ಮುಂದಿನ ಅಂಚಿನಿಂದ, ಕೊನೆಯ ಮೂಗಿಗೆ 17 ಹೆಜ್ಜೆ, ಅಂದರೆ 170 ಡಿಗ್ರಿ ತಿರುವು.

`170° × sin 27.2° = 77.7°`

ಅಂದರೆ ತೀರಾ ಸರಿಯಾಗಿ ಮಾಡಿದ ನಿಮ್ಮ ರೇಲ್ ಉದ್ದಕ್ಕೂ ಒಟ್ಟು ಸುಮಾರು 78 ಡಿಗ್ರಿ ತಿರುಚಿರುತ್ತದೆ. ಸಾಫ್ಟ್‌ವೇರ್ ಆ ತಿರುಚು ಕೊಡದಿದ್ದರೆ ಮೇಲಿನ ತುದಿ ಅಷ್ಟೇ ಡಿಗ್ರಿ ಒಳಗೆ ಮಗುಚುತ್ತದೆ. ನಿಮ್ಮ ಮೊದಲ ಫೈಲ್ ಇನ್ನೂ ಇದ್ದರೆ ಕೊನೆಯಲ್ಲಿ ಕೋನ ಅಳೆದು ನೋಡಿ, ಇದರ ಹತ್ತಿರವೇ ಬರಬೇಕು. ಒಂದು ವೇಳೆ ನೀವು ದುಂಡು ಪೈಪ್ ಹಾಕುತ್ತಿದ್ದರೆ ಇದು ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ದುಂಡು ಎಷ್ಟು ಉರುಳಿದರೂ ದುಂಡೇ. ಸ್ಟೀಲ್ ಪೈಪಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರು ಕೂಡ ಮರದ ಮೊದಲ ಕೆಲಸದಲ್ಲಿ ಎಡವುವುದು ಇದಕ್ಕೇ.

ಈಗ ಎರಡು ಗೈಡಿನ ಕಥೆ. ಇಲ್ಲಿ ಎರಡನೆಯ ತಪ್ಪು ನಂಬಿಕೆ ಇದೆ: ಎರಡು ಕಡೆ ಗೈಡ್ ಹಾಕಿದರೆ ಪ್ರೊಫೈಲ್ ಕದಲುವುದಿಲ್ಲ, ಬಿಗಿಯಾಗಿ ನಿಲ್ಲುತ್ತದೆ. ವಾಸ್ತವದಲ್ಲಿ `Sweep2` ಮಾಡುವುದು ಬೇರೆ. ಅದು ಪ್ರೊಫೈಲಿನ ಎರಡು ತುದಿಗಳನ್ನು ಎರಡು ಗೈಡಿಗೆ ಕಟ್ಟಿಹಾಕುತ್ತದೆ. ಗೈಡ್ ದೂರವಾದರೆ ಪ್ರೊಫೈಲನ್ನು ಎಳೆದು ಹಿಗ್ಗಿಸುತ್ತದೆ, ಹತ್ತಿರವಾದರೆ ಕುಗ್ಗಿಸುತ್ತದೆ. ಒಂದು ಮೇಲೆ, ಒಂದು ಕೆಳಗೆ ಹೋದರೆ ವಾಲಿಸುತ್ತದೆ. ಅಂದರೆ ಅಳತೆಯೂ ದಿಕ್ಕೂ ಎರಡೂ ಗೈಡಿನ ಕೈಗೆ ಹೋಗುತ್ತವೆ. `Maintain height` ಮಾಡುವುದು ಇಷ್ಟೇ: ಅಗಲ ಹಿಗ್ಗಿದಾಗ ಎತ್ತರವೂ ಅದೇ ಪ್ರಮಾಣದಲ್ಲಿ ಹಿಗ್ಗದಂತೆ ತಡೆಯುತ್ತದೆ. ಅಗಲವನ್ನು ಅದು ಮುಟ್ಟುವುದಿಲ್ಲ. ನೀವು ಕಂಡದ್ದು ಸರಿಯಾಗೇ ಇದೆ.

ಹಾಗಾದರೆ ನಿಮ್ಮ ಗೈಡ್ ಯಾಕೆ ದೂರವಾದವು? ಎರಡಕ್ಕೂ ಒಂದೇ 27.2 ಡಿಗ್ರಿ ಕೊಟ್ಟಿದ್ದಕ್ಕೆ. ಕೇಳಲು ನ್ಯಾಯವಾಗಿ ಕಾಣುತ್ತದೆ, ಒಂದೇ ರೇಲಿನ ಎರಡು ಅಂಚು, ಇಳಿಜಾರು ಒಂದೇ ಇರಬೇಕು ಅಂತ. ಆದರೆ ಒಳ ಅಂಚಿನ ತ್ರಿಜ್ಯ 1920, ಹೊರ ಅಂಚಿನದು 1980. ಅದೇ 170 ಡಿಗ್ರಿ ಸುತ್ತಲು ಹೊರ ಅಂಚು ನೆಲದ ಮೇಲೆ 178 ಮಿಮೀ ಜಾಸ್ತಿ ನಡೆಯುತ್ತದೆ. ಅದೇ ಇಳಿಜಾರಿನಲ್ಲಿ ಜಾಸ್ತಿ ನಡೆದರೆ ಜಾಸ್ತಿ ಏರುತ್ತದೆ. ಲೆಕ್ಕ ಹಾಕಿ: ಒಳ ಗೈಡ್ 2929 ಮಿಮೀ ಏರಿ ನಿಲ್ಲುತ್ತದೆ, ಹೊರ ಗೈಡ್ 3021ಕ್ಕೆ ಹೋಗುತ್ತದೆ. ಕೊನೆಯಲ್ಲಿ ಎರಡರ ನಡುವೆ 91.5 ಮಿಮೀ ಎತ್ತರದ ವ್ಯತ್ಯಾಸ. ಅಡ್ಡಕ್ಕೆ 60, ಮೇಲಕ್ಕೆ 91.5. ಓರೆ ಅಳತೆ 109. ನೀವು ಬರೆದ ಸಂಖ್ಯೆ ಅದೇ ಅಲ್ವಾ? ವಾಲಿದ ಕೋನ ಸುಮಾರು 57 ಡಿಗ್ರಿ. ಎತ್ತರ 91 ಆಗಿದ್ದೂ ಇದೇ ಪ್ರಮಾಣದಿಂದ, 50ನ್ನು 109ರಿಂದ ಗುಣಿಸಿ 60ರಿಂದ ಭಾಗಿಸಿದರೆ 91.

ಸರಿಯಾದ ನಿಯಮ ಬೇರೆ. ಒಂದು ಸುತ್ತಿಗೆ ಎಷ್ಟು ಏರು ಅನ್ನುವುದು ಎಲ್ಲಾ ಗೈಡಿಗೂ ಒಂದೇ ಇರಬೇಕು, ಇಳಿಜಾರಿನ ಕೋನ ಅಲ್ಲ. ಇದಕ್ಕೆ ಪಿಚ್ ಅನ್ನುತ್ತಾರೆ. ನಿಮ್ಮಲ್ಲಿ 10 ಡಿಗ್ರಿಗೆ 175, ಪೂರ್ತಿ 360ಕ್ಕೆ 36 ಪಟ್ಟು, ಅಂದರೆ 6300 ಮಿಮೀ. ಪಿಚ್ ಒಂದೇ ಇಟ್ಟಾಗ ಒಳ ಅಂಚಿನ ಇಳಿಜಾರು 27.6 ಡಿಗ್ರಿ, ಹೊರ ಅಂಚಿನದು 26.9 ಬರುತ್ತದೆ. ಮುಕ್ಕಾಲು ಡಿಗ್ರಿಯೂ ಇಲ್ಲದ ವ್ಯತ್ಯಾಸ. ಪ್ರೊಟ್ರಾಕ್ಟರ್ ಇಟ್ಟು ನೋಡಿದರೆ ಗೊತ್ತಾಗದಷ್ಟು. ಅದನ್ನು ಬಿಟ್ಟಿದ್ದಕ್ಕೆ ಆರೂವರೆ ಮೀಟರ್ ಉದ್ದದಲ್ಲಿ 91 ಮಿಮೀ ಆಗಿ ಕೂತಿದೆ. ಹಳೇ ಬಡಿಗೇರರು ಇಳಿಜಾರನ್ನು ಡಿಗ್ರಿಯಲ್ಲಿ ಹೇಳುವುದಿಲ್ಲ, ಪಾವಟಿಗೆಗೆ ಇಷ್ಟು ಅಂತಲೇ ಹೇಳುತ್ತಾರೆ. ಅದೇ ಸುರಕ್ಷಿತ.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ನಾನಾದರೆ ಯಾವುದು ಹಿಡಿಯುತ್ತೇನೆ ಅಂತಲೂ ಹೇಳುತ್ತೇನೆ.

ಒಂದು, ಇದೇ `Sweep2` ಇಟ್ಟುಕೊಂಡು ಗೈಡ್ ಮಾತ್ರ ಸರಿ ಮಾಡುವುದು. 1920 ಮತ್ತು 1980 ತ್ರಿಜ್ಯದಲ್ಲಿ, ಒಂದೇ ಅಕ್ಷದ ಸುತ್ತ, ಒಂದೇ ಪಿಚ್, ಒಂದೇ ಎತ್ತರ. ಆಗ ಎಲ್ಲ ಕಡೆ ಅಡ್ಡ ದೂರ 60 ಉಳಿಯುತ್ತದೆ. ಸುತ್ತು ಭಾಗಕ್ಕೆ ಇದು ಚೆನ್ನಾಗೇ ಬರುತ್ತದೆ. ತೊಂದರೆ ಬರುವುದು ಮೇಲಿನ ಲ್ಯಾಂಡಿಂಗ್‌ನಲ್ಲಿ. ಅಲ್ಲಿ ಇಳಿಜಾರು ಮುಗಿದು ರೇಲ್ ಮಟ್ಟಕ್ಕೆ ಬರುವ ಜಾಗದಲ್ಲಿ ಎರಡು ಗೈಡನ್ನೂ ಬೇರೆ ಬೇರೆಯಾಗಿ ಬಗ್ಗಿಸಿ ಜೋಡಿಸಬೇಕು. ಎರಡು ಬಾಗು ಕೂದಲೆಳೆಯಷ್ಟು ಹೊಂದದಿದ್ದರೂ ಅಲ್ಲೊಂದು ಕಡೆ ಅಗಲ 61, ಇನ್ನೊಂದು ಕಡೆ 58 ಆಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಗೊತ್ತಾಗುತ್ತದೆ. ಹ್ಯಾಂಡ್‌ರೇಲ್ ಇರುವುದೇ ಕೈಗೆ.

ಎರಡು, ಒಂದೇ ದಾರಿ ಇಟ್ಟು, ಪ್ರೊಫೈಲಿಗೆ ಮೇಲೆ ಯಾವ ಕಡೆ ಅಂತ ಮಾತ್ರ ಹೇಳಿಕೊಡುವುದು. ನನ್ನ ಆಯ್ಕೆ ಇದು. ಗೈಡ್ ದಿಕ್ಕು ತೋರಿಸಲಿ, ಅಳತೆ ಪ್ರೊಫೈಲಿನದ್ದೇ ಇರಲಿ. ರೈನೋದಲ್ಲಿ ಇದಕ್ಕೆ ಬೇರೆ ಗೈಡ್ ಎಳೆಯುವುದೂ ಬೇಡ. `Sweep1`ನಲ್ಲಿ `Freeform` ಬದಲು `Roadlike Top` ಆರಿಸಿ. ಕೆಲವು ಆವೃತ್ತಿಗಳಲ್ಲಿ ಬರೀ `Roadlike` ಅಂತ ಇದ್ದು, ಅಕ್ಷ ಕೇಳುತ್ತದೆ. ಆಗ ನೆಟ್ಟಗೆ ಮೇಲಕ್ಕೆ Z ಕೊಡಿ. ಹೆಸರೇ ಹೇಳುವಂತೆ ರಸ್ತೆಯ ಲೆಕ್ಕ: ಘಾಟಿನ ರಸ್ತೆ ಎಷ್ಟು ಸುತ್ತಿದರೂ ಏರಿದರೂ ಅಡ್ಡಕ್ಕೆ ಮಟ್ಟವಾಗಿರುತ್ತದೆ. ಬೇಕಾದ 78 ಡಿಗ್ರಿ ತಿರುಚನ್ನು ಅದೇ ಕೊಡುತ್ತದೆ.

ನಿಮ್ಮ ಮೆಟ್ಟಿಲಿಗೆ ಕ್ರಮ ಹೀಗೆ. ದಾರಿ ಅಂತ ಮರದ ತಳದ ನಡುಗೆರೆಯನ್ನು ಹಿಡಿಯಿರಿ, ಫ್ಲಾಟ್ ಪಟ್ಟಿಯ ಮೇಲ್ಮೈ ಅಲ್ಲೇ ಬರುತ್ತದೆ. ಆ ಗೆರೆ ಮೂಗಿನಿಂದ 900 ಮೇಲೆ ಇದೆ ಅಂದುಕೊಳ್ಳೋಣ, ಮೊದಲ ಮೂಗಿನ ಮಟ್ಟ ಸೊನ್ನೆ. `Helix` ಕೊಟ್ಟು ಅಕ್ಷದ ಶುರು `0,0,900`, ಕೊನೆ `0,0,3875`. ನಡುವಿನ ಎತ್ತರ 17 ಸಲ 175, ಅಂದರೆ 2975. ತ್ರಿಜ್ಯ 1950, `Pitch` 6300. ಸುತ್ತಿನ ದಿಕ್ಕು ಉಲ್ಟಾ ಬಂದರೆ `ReverseTwist`. ಇಲ್ಲಿ 18 ಏರಿನ 3150 ಹಾಕುವವರು ಬಹಳ. ಮೂಗಿನಿಂದ ಮೂಗಿಗೆ ಏರು ಒಂದು ಕಡಿಮೆ ಅನ್ನುವುದನ್ನು ಮರೆಯಬೇಡಿ.

ಆಮೇಲೆ ಪ್ರೊಫೈಲ್ ಎಲ್ಲಿ ಬರೆಯುತ್ತೀರಿ ಅನ್ನುವುದು ಮುಖ್ಯ. ನೆಟ್ಟಗೆ ನಿಂತ ಗೋಡೆಯಂಥ ಪ್ಲೇನಿನಲ್ಲಿ 60×50 ಬರೆದರೆ ರೇಲಿನ ನಿಜವಾದ ದಪ್ಪ 50 ಇರುವುದಿಲ್ಲ. ಇಳಿಜಾರಿನಲ್ಲಿ ಸಾಗುವ ಮರವನ್ನು ಓಳಂಬದ ನೇರಕ್ಕೆ ಕೊಯ್ದರೆ ಸಿಗುವ ಅಳತೆ ಅದು. ಮರದ ಉದ್ದಕ್ಕೆ ಚೌಕವಾಗಿ ಕೊಯ್ದರೆ 50ರ ಬದಲು 44.5 ಸಿಗುತ್ತದೆ, 27.2ರ ಕೊಸೈನ್‌ನಷ್ಟು ಕಡಿಮೆ. ಉದ್ದಕ್ಕೂ ಒಂದೇ ಅಳತೆ, ಆದರೆ ಉದ್ದಕ್ಕೂ ತಪ್ಪು ಅಳತೆ. ಇದು ಸ್ಕ್ರೀನಿನಲ್ಲಿ ಕಾಣುವುದೇ ಇಲ್ಲ. ರೌಟರ್ ಬಿಟ್ ಹಿಡಿದಾಗ ಕಾಣುತ್ತದೆ. ಆದ್ದರಿಂದ `CPlane`ನ `Curve` ಆಯ್ಕೆಯಿಂದ ದಾರಿಯ ಶುರುವಿನಲ್ಲಿ ದಾರಿಗೆ ಚೌಕವಾದ ಪ್ಲೇನ್ ಇಟ್ಟು, ಅಲ್ಲಿ ಪ್ರೊಫೈಲ್ ಬರೆಯಿರಿ. ಬರೆದ ಮೇಲೆ ತಳದ ಗೆರೆಯ ಎರಡು ತುದಿಯ Z ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ `Rotate` ಮಾಡಿ ಮಟ್ಟಕ್ಕೆ ತನ್ನಿ. ಶುರುವಿನ ಓರೆ ಇಡೀ ರೇಲಿಗೆ ಅಂಟಿಕೊಳ್ಳುತ್ತದೆ.

ಲ್ಯಾಂಡಿಂಗ್‌ನಲ್ಲಿ ಹೆಲಿಕ್ಸ್ ಮತ್ತು ಮಟ್ಟದ ಗೆರೆಯನ್ನು ಸುಮ್ನೆ ತುದಿಗೆ ತುದಿ ಜೋಡಿಸಬೇಡಿ. 27 ಡಿಗ್ರಿಯ ಮೂಲೆ ಉಳಿಯುತ್ತದೆ, ಅಲ್ಲಿ ಪ್ರೊಫೈಲ್ ಓರೆ ಕೊಯ್ತದಂತೆ ಎಳೆದುಕೊಳ್ಳುತ್ತದೆ. ಎರಡನ್ನೂ ಮೂಲೆಯಿಂದ ಸ್ವಲ್ಪ ಹಿಂದಕ್ಕೆ ಕತ್ತರಿಸಿ, ನಡುವೆ `BlendCrv` ಹಾಕಿ, `Curvature` ಹೊಂದಿಕೆ ಇಟ್ಟು, ಆಮೇಲೆ `Join` ಮಾಡಿ. `CurvatureGraph` ಹಾಕಿ ನೋಡಿದರೆ ಗರಿಗಳು ನಿಧಾನವಾಗಿ ಏರಿ ಇಳಿಯಬೇಕು. ಒಮ್ಮೆಲೇ ನೆಟ್ಟಗೆ ಎದ್ದರೆ ಅಲ್ಲಿ ಬಾಗು ಚುರುಕಾಗಿದೆ ಅಂತ ಅರ್ಥ. 50 ಎತ್ತರದ ಮರಕ್ಕೆ ಆ ಬಾಗಿನ ತ್ರಿಜ್ಯ 150ಕ್ಕಿಂತ ಕಡಿಮೆ ಆಗದಂತೆ ನಾನು ನೋಡಿಕೊಳ್ಳುತ್ತೇನೆ. ತೀರಾ ಚಿಕ್ಕದಾದರೆ ಒಳಬದಿಯ ಮೇಲ್ಮೈ ತನ್ನ ಮೇಲೇ ಮಡಚಿಕೊಳ್ಳುತ್ತದೆ, ಫೈಲ್ ಸಿಎನ್‌ಸಿಗೆ ಹೋದಾಗ ಅವರು ವಾಪಸ್ ಕಳಿಸುತ್ತಾರೆ.

`Roadlike`ಗೂ ಒಂದು ಮಿತಿ ಇದೆ. ದಾರಿ ನೆಟ್ಟಗೆ ಮೇಲಕ್ಕೆ ಹೋದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಮೇಲೆ ಅನ್ನುವ ದಿಕ್ಕೂ ದಾರಿಯ ದಿಕ್ಕೂ ಒಂದೇ ಆದಾಗ ಅಡ್ಡ ಯಾವುದು ಅಂತ ಅದು ಹೇಗೆ ನಿರ್ಧರಿಸಬೇಕು? ರೇಲ್ ಅಲ್ಲಿ ಗಕ್ಕನೆ ತಿರುಗಿಬಿಡುತ್ತದೆ. ಲ್ಯಾಂಡಿಂಗ್ ಕಂಬದ ಹತ್ತಿರ ರೇಲನ್ನು ಹಂಸದ ಕುತ್ತಿಗೆಯಂತೆ ನೆಟ್ಟಗೆ ಎತ್ತುವ ಆಸೆ ಮನೆಯವರಿಗಿದ್ದರೆ ಆ ತುಂಡನ್ನು ಬೇರೆಯಾಗಿಯೇ ಮಾಡಿ.

ರೈನೋ ಇಲ್ಲದವರು, ಪಾಲಿಟೆಕ್ನಿಕ್ ಹುಡುಗರು, ಇದನ್ನೇ ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲೂ ಮಾಡಬಹುದು. ಅಲ್ಲಿ `Additive Pipe` ಒಳಗೆ `Orientation mode` ಅಂತ ಇದೆ, ಅದರಲ್ಲಿ `Auxiliary` ಆರಿಸಿದರೆ ಎರಡನೆಯ ಗೆರೆ ಕೇಳುತ್ತದೆ. ಈ ಗೆರೆ ಪ್ರೊಫೈಲನ್ನು ಹಿಗ್ಗಿಸುವುದಿಲ್ಲ, ದಿಕ್ಕು ಮಾತ್ರ ತೋರಿಸುತ್ತದೆ. ನನಗೆ ಅದಕ್ಕೇ ಇಷ್ಟ. ಬಹಳ ಜನ ಈ ಗೆರೆಯನ್ನು ದಾರಿಯ ತಲೆಯ ಮೇಲೆ, ಅದನ್ನೇ ಎತ್ತಿ ಇಟ್ಟು ಕೊಡುತ್ತಾರೆ. ಆ ತಪ್ಪು ಮಾಡಬೇಡಿ. ದಾರಿ ಇಳಿಜಾರಿನಲ್ಲಿ ಇರುವುದರಿಂದ ನೆಟ್ಟಗಿನ ಗೆರೆ ಅದಕ್ಕೆ ಚೌಕವಾಗಿರುವುದಿಲ್ಲ. ಪಕ್ಕಕ್ಕೆ ಇಡಿ: ಅದೇ ಅಕ್ಷ, ಅದೇ ಪಿಚ್, ಅದೇ ಎತ್ತರ, ತ್ರಿಜ್ಯ ಮಾತ್ರ 1850. ಆಗ ದಾರಿಯ ಯಾವ ಬಿಂದುವಿನಿಂದಲೂ ಪಕ್ಕದ ಗೆರೆಗೆ ಎಳೆದ ರೇಖೆ ಮಟ್ಟವಾಗಿಯೂ ಇರುತ್ತದೆ, ದಾರಿಗೆ ಚೌಕವಾಗಿಯೂ ಇರುತ್ತದೆ. ಲ್ಯಾಂಡಿಂಗ್ ಸೇರಿದ ದಾರಿಯಾದರೆ `Curvilinear equivalence` ಗುರುತು ತೆಗೆಯಿರಿ. ಅದು ಎರಡು ಗೆರೆಯ ಉದ್ದವನ್ನು ಒಂದೇ ಪ್ರಮಾಣದಲ್ಲಿ ಹಂಚಿ ಜೋಡಿಸುತ್ತದೆ. ಸುತ್ತಿನಲ್ಲಿ ಎರಡರ ಉದ್ದ ಬೇರೆ, ನೇರದಲ್ಲಿ ಒಂದೇ, ಹಾಗಾಗಿ ಪ್ರಮಾಣ ತಪ್ಪಿ ರೇಲ್ ಓರೆಯಾಗುತ್ತದೆ.

ಯಾವ ದಾರಿ ಹಿಡಿದರೂ ಕಳಿಸುವ ಮುಂಚೆ ಪರೀಕ್ಷೆ ಮಾಡಿ. ಶುರು, ನಡು, ಲ್ಯಾಂಡಿಂಗ್ ಬಾಗು, ಈ ಮೂರು ಕಡೆ ದಾರಿಗೆ ಚೌಕವಾಗಿ ಒಂದೊಂದು ಪ್ಲೇನ್ ಇಟ್ಟು `Intersect` ಮಾಡಿ. ಸಿಕ್ಕ ಗೆರೆಯನ್ನು ಅಳೆಯಿರಿ, ಮೂರೂ ಕಡೆ 60 ಮತ್ತು 50 ಬರಬೇಕು. ಆಮೇಲೆ `EvaluatePt` ಹಿಡಿದು ತಳದ ಎರಡು ಮೂಲೆಯ Z ನೋಡಿ, ಎರಡೂ ಒಂದೇ ಇರಬೇಕು. ಐದು ನಿಮಿಷದ ಕೆಲಸ. ಸ್ಕ್ರೀನಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ ಸರಿ ಇದೆ ಅನ್ನುವುದು ಪರೀಕ್ಷೆ ಅಲ್ಲ.

ಇನ್ನು ಜಾಗದ ಅಳತೆ. ನೀವು ಬರೆದ 175 ನಕ್ಷೆಯದ್ದೋ ಅಳೆದದ್ದೋ? ನಮ್ಮ ಭಾಗದಲ್ಲಿ ಶಹಾಬಾದ್ ಕಲ್ಲು ಹಾಸಿದರೆ ಒಂದು ಕಲ್ಲು ಇದ್ದ ದಪ್ಪ ಇನ್ನೊಂದು ಇರುವುದಿಲ್ಲ, ಕೆಳಗಿನ ಗಾರೆಯೂ ಹಾಗೆಯೇ. ನಾನು ಒಮ್ಮೆ ಕಲಬುರಗಿಯ ಒಂದು ಮನೆಯಲ್ಲಿ ನಕ್ಷೆ ನಂಬಿ ಮಾಡಿದೆ. ಮೂಗಿನಿಂದ ಮೂಗಿಗೆ ಒಟ್ಟು ಏರು ನಕ್ಷೆಗಿಂತ 33 ಮಿಮೀ ಜಾಸ್ತಿ ಇತ್ತು. ರೇಲ್ ತುದಿ ಕಂಬದ ತೂತಿಗಿಂತ ಅಷ್ಟು ಕೆಳಗೆ ಬಂದು ನಿಂತಿತು. ಕೊನೆಯ ತುಂಡನ್ನು ನನ್ನ ದುಡ್ಡಿನಲ್ಲೇ ಮತ್ತೆ ಕೆತ್ತಿಸಿದೆ. ಹಾಗಾಗಿ ಕಲ್ಲು ಹಾಸಿ ಮುಗಿದ ಮೇಲೆ ನೀರಿನ ಲೆವೆಲ್ ಪೈಪ್ ಹಿಡಿದು ಮೊದಲ ಮೂಗು ಮತ್ತು ಕೊನೆಯ ಮೂಗಿನ ವ್ಯತ್ಯಾಸ ಅಳೆಯಿರಿ. 2975 ಬದಲು ಏನು ಬಂತೋ ಅದನ್ನು 170ರಿಂದ ಭಾಗಿಸಿ 360ರಿಂದ ಗುಣಿಸಿದರೆ ನಿಮ್ಮ ನಿಜವಾದ ಪಿಚ್. ತ್ರಿಜ್ಯಕ್ಕೆ, ರೇಲಿನ ಗೆರೆಯನ್ನು ನೆಲದ ಮೇಲೆ ಇಳಿಸಿ ಗುರುತು ಮಾಡಿ, ಅದರ ಮೇಲೆ 2 ಮೀಟರ್ ದಾರ ಹಿಡಿದು ನಡುವಿನ ಹೊಟ್ಟೆ ಅಳೆಯಿರಿ. 1950 ತ್ರಿಜ್ಯಕ್ಕೆ 276 ಬರಬೇಕು.

ಫ್ಲಾಟ್ ಪಟ್ಟಿ ಬಗ್ಗಿಸುವವರಿಗೂ ಒಂದು ಮಾತು ಹೇಳಿಬಿಡಿ. ರೋಲರ್ ಯಂತ್ರದಲ್ಲಿ 1950 ತ್ರಿಜ್ಯ ಇಟ್ಟರೆ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು ಬರುತ್ತದೆ. ಅದು ಮೇಲಿನಿಂದ ನೋಡಿದಾಗಿನ ತ್ರಿಜ್ಯ. ಏರುತ್ತಾ ಸಾಗುವ ಪಟ್ಟಿಯ ನಿಜವಾದ ಬಾಗು ಸಡಿಲ. 1950ನ್ನು 27.2ರ ಕೊಸೈನ್ ವರ್ಗದಿಂದ ಭಾಗಿಸಿದರೆ ಸುಮಾರು 2465 ಬರುತ್ತದೆ, ಅದನ್ನು ಇಡಬೇಕು. ಆಮೇಲೆ 78 ಡಿಗ್ರಿ ತಿರುಚನ್ನು ಉದ್ದಕ್ಕೂ ಸಮವಾಗಿ ಹಂಚಿ ಕೊಡಬೇಕು, ಒಂದು ಮೀಟರಿಗೆ 12 ಡಿಗ್ರಿಯಂತೆ.

ಮರಕ್ಕೆ ಬಂದರೆ, ಸುತ್ತು ಭಾಗದ ಉದ್ದ 6506 ಮಿಮೀ. ಇದನ್ನು ಐದು ತುಂಡು ಮಾಡಿ, ಒಂದೊಂದು 1301, ಒಂದೊಂದರಲ್ಲಿ 34 ಡಿಗ್ರಿ ತಿರುವು. ಪ್ರತಿ ತುಂಡಿನ ಹೊಟ್ಟೆ 86 ಮಿಮೀ ಬರುತ್ತದೆ, ಒಳಗಿನ ತಿರುಚು ಹದಿನೈದೂವರೆ ಡಿಗ್ರಿ. ಹೀಗಾಗಿ 60×50 ರೇಲ್ ಕೆತ್ತಲು 60×50 ಮರ ಸಾಲದು. ಹೊಟ್ಟೆ ಸೇರಿ ಅಗಲ 150 ದಾಟುತ್ತದೆ, ತಿರುಚು ಸೇರಿ ದಪ್ಪ 65 ದಾಟುತ್ತದೆ. ನಾನಾದರೆ 165 ಅಗಲ, 75 ದಪ್ಪದ ದಿಮ್ಮಿ ಕೊಡುತ್ತೇನೆ. ಒಂದೇ ತುಂಡು ತೇಗ ಅಷ್ಟು ದಪ್ಪ ದುಬಾರಿ. 25ರ ಮೂರು ಹಲಗೆ ಅಂಟಿಸಿ ಮಾಡಿದರೆ ಖರ್ಚೂ ಕಡಿಮೆ, ಬಿರುಕೂ ಕಡಿಮೆ. ತುಂಡುಗಳನ್ನು ಸಾಫ್ಟ್‌ವೇರಿನಲ್ಲಿ ಕೊಯ್ಯುವಾಗ ದಾರಿಗೆ ಚೌಕವಾಗಿ ಕೊಯ್ಯಿರಿ, ಓಳಂಬಕ್ಕೆ ಅಲ್ಲ. ಆಗಲೇ ಪಕ್ಕದ ತುಂಡಿನ ಮುಖ 60×50 ಆಗಿ ಕೂತು, ನಡುವಿನ ಬೋಲ್ಟ್ ನೇರ ಹೋಗುತ್ತದೆ.

ಒಳಗಿನ ರೇಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದೂ ಇರುತ್ತದೆ ಅಲ್ವಾ? ಅದರ ತ್ರಿಜ್ಯ 900 ಅಂತ ಹಿಡಿದರೆ ಅದೇ ಪಿಚ್‌ಗೆ ಇಳಿಜಾರು 48 ಡಿಗ್ರಿ ಆಗುತ್ತದೆ. ಉದ್ದ ನಾಲ್ಕು ಮೀಟರ್ ಮಾತ್ರ, ಆದರೆ ಒಟ್ಟು ತಿರುಚು 126 ಡಿಗ್ರಿ. ಓಳಂಬದ ಪ್ಲೇನಿನಲ್ಲಿ ಪ್ರೊಫೈಲ್ ಬರೆದರೆ ಅಲ್ಲಿ 50 ದಪ್ಪ 33ಕ್ಕೆ ಇಳಿಯುತ್ತದೆ. ಹೊರಗಿನದನ್ನು ಮುಗಿಸಿ, ಒಂದು ತುಂಡು ಜಾಗದಲ್ಲಿಟ್ಟು ರಸಮಟ್ಟ ಅಡ್ಡ ಹಿಡಿದು ನೋಡಿದ ಮೇಲೆ ಒಳಗಿನದಕ್ಕೆ ಕೈ ಹಾಕಿ.